ಎರಡೂ ಕಡೆ ಸಮ ಬಂತು, ಉತ್ತರ ಮಾತ್ರ ತಪ್ಪು: ಕ್ಯಾಲೊರಿಮೀಟರ್ ಲೆಕ್ಕದ ದೋಷ ಹುಡುಕುವ ಬಗೆ

ಮೊದಲ ಪಿಯುಸಿ ಓದುವ ಹುಡುಗಿಯೊಬ್ಬಳು ಒಂದು ಸಂಜೆ ನೋಟ್‌ಬುಕ್ ತಂದು ನನ್ನ ಮುಂದಿಟ್ಟಳು. ಲೆಕ್ಕ ಹೀಗಿತ್ತು. 100 ಗ್ರಾಂ ತೂಕದ ತಾಮ್ರದ ಕ್ಯಾಲೊರಿಮೀಟರ್‌ನಲ್ಲಿ 200 ಗ್ರಾಂ ನೀರಿದೆ. ಪಾತ್ರೆ, ನೀರು ಎರಡೂ 30 ಡಿಗ್ರಿ ಸೆಲ್ಸಿಯಸ್‌ನಲ್ಲಿವೆ. ಅದಕ್ಕೆ −10 ಡಿಗ್ರಿಯ 100 ಗ್ರಾಂ ಐಸ್ ಹಾಕಿದರೆ ಕೊನೆಗೆ ತಾಪ ಎಷ್ಟಕ್ಕೆ ಬಂದು ನಿಲ್ಲುತ್ತದೆ?

ಅವಳಿಗೆ ಬಂದ ಉತ್ತರ −7.03 ಡಿಗ್ರಿ.

"ಮಿಸ್, ಉತ್ತರ ಸರಿಯಿಲ್ಲ ಅನ್ನಿಸುತ್ತದೆ. ಆದರೆ ವಾಪಸ್ ಹಾಕಿ ನೋಡಿದರೆ ಎರಡೂ ಕಡೆ ಸಮ ಬರುತ್ತಿದೆ. ತಪ್ಪು ಎಲ್ಲಿದೆ ಅಂತಾನೇ ಗೊತ್ತಾಗುತ್ತಿಲ್ಲ" ಎಂದಳು.

ಬಹಳ ಒಳ್ಳೆಯ ಪ್ರಶ್ನೆ ಅದು. ಬಿಸಿ ವಸ್ತು ಕಳೆದುಕೊಂಡ ಉಷ್ಣ, ತಣ್ಣಗಿನ ವಸ್ತು ಪಡೆದ ಉಷ್ಣ, ಎರಡೂ ಸಮ ಇರಬೇಕು ಎಂದು ನಾವೇ ಹೇಳಿಕೊಟ್ಟಿರುತ್ತೇವೆ. ಅವಳ ಲೆಕ್ಕದಲ್ಲಿ ಸಮ ಇತ್ತು. ಆದರೂ ಉತ್ತರ ತಪ್ಪು. ಅಂದರೆ ಅವಳು ಮಾಡಿದ ಪರೀಕ್ಷೆಯಲ್ಲೇ ಏನೋ ಕೊರತೆ ಇರಬೇಕು, ಅಲ್ವಾ?

ಅವಳ ಸಮೀಕರಣ ಏನು ಹೇಳುತ್ತಿತ್ತು

ನೀರಿನ ವಿಶಿಷ್ಟ ಉಷ್ಣ ಒಂದು ಗ್ರಾಂಗೆ, ಒಂದು ಡಿಗ್ರಿಗೆ 4.2 ಜೂಲ್. ಐಸಿನದು ಅದರ ಅರ್ಧ, 2.1. ತಾಮ್ರದ್ದು 0.39. ಒಂದು ಗ್ರಾಂ ಐಸ್ ಕರಗಲು ಬೇಕಾದ ಗುಪ್ತ ಉಷ್ಣ 334 ಜೂಲ್. ಇವನ್ನು ಹಾಕಿ ಅವಳು ಬರೆದದ್ದು ಇದು:

```
100×2.1×10 + 100×334 + 100×4.2×T = (200×4.2 + 100×0.39)×(30 − T)
35500 + 420T = 879×(30 − T)
T = −9130 / 1299 = −7.03
```

ಕೂಡುವುದು ಕಳೆಯುವುದು ಎಲ್ಲ ಸರಿಯಿದೆ. −7.03 ಅನ್ನು ವಾಪಸ್ ಹಾಕಿದರೆ ಎಡಕ್ಕೂ ಸುಮಾರು 32,548 ಜೂಲ್, ಬಲಕ್ಕೂ ಅಷ್ಟೇ ಬರುತ್ತದೆ. ಆದರೆ ಈ ಪರೀಕ್ಷೆಯಿಂದ ತಿಳಿಯುವುದು ಒಂದೇ: ಈ ಸಮೀಕರಣವನ್ನು ತಪ್ಪಿಲ್ಲದೆ ಬಿಡಿಸಿದ್ದೇವೆ ಎಂದು. ಸಮೀಕರಣವನ್ನೇ ಸರಿಯಾಗಿ ಬರೆದಿದ್ದೇವಾ ಎಂಬುದನ್ನು ಅದು ಹೇಳುವುದಿಲ್ಲ.

ಈಗ ಎಡಗಡೆಯನ್ನು ಮಾತಿನಲ್ಲಿ ಓದಿ ನೋಡಿ. ಐಸ್ −10ರಿಂದ 0 ಡಿಗ್ರಿಗೆ ಬಂತು. ಆಮೇಲೆ 100 ಗ್ರಾಂ ಪೂರ್ತಿ ಕರಗಿತು. ಕರಗಿದ ನೀರು 0ಯಿಂದ T ಡಿಗ್ರಿಗೆ ಏರಿತು. ಇದರಲ್ಲಿ "ಪೂರ್ತಿ ಕರಗಿತು" ಎಂದು ಲೆಕ್ಕದಲ್ಲಿ ಯಾರೂ ಹೇಳಿಲ್ಲ. ಬರೆಯುವಾಗ ನಾವೇ ಸೇರಿಸಿದ ಊಹೆ ಅದು. T ಋಣ ಬಂದಾಗ 420T ಕೂಡ ಋಣವಾಗುತ್ತದೆ. ಅಂದರೆ ಐಸ್ ಕರಗಿ ನೀರಾಗಿ, ನೀರಾಗಿಯೇ −7 ಡಿಗ್ರಿವರೆಗೆ ಇಳಿದು, ಇಳಿಯುವಾಗ 2,952 ಜೂಲ್ ವಾಪಸ್ ಕೊಟ್ಟಿತು ಎಂದಾಯಿತು. ಬಲಗಡೆಯ 200 ಗ್ರಾಂ ನೀರೂ ಹೆಪ್ಪುಗಟ್ಟದೆ ಸೊನ್ನೆ ದಾಟಿ ಇಳಿಯಿತು. ಐಸ್ ಪಕ್ಕದಲ್ಲೇ ಇರುವಾಗ ನೀರು ಹಾಗೆ ಇರುವುದಿಲ್ಲ. ಆದರೆ 0 ಡಿಗ್ರಿಯಲ್ಲಿ ಒಂದು ಗಡಿ ಇದೆ ಎಂಬುದು ಸಮೀಕರಣಕ್ಕೆ ಗೊತ್ತಿಲ್ಲ. ಅದನ್ನು ನಾವೇ ನೋಡಿಕೊಳ್ಳಬೇಕು.

ಹಾಗಾಗಿ ಇಂಥ ಉತ್ತರವನ್ನು ಪರೀಕ್ಷಿಸುವಾಗ ನಾನು ಸಮೀಕರಣವನ್ನು ಪಕ್ಕಕ್ಕಿಡುತ್ತೇನೆ. ಮುಂದೆ ಬರುವುದು ನಾನು ಹುಡುಗರಿಗೆ ಮಾಡಿಸುವ ಕ್ರಮ.

ಮೊದಲು ಗಡಿ ನೋಡಿ

ಕೊನೆಯ ತಾಪ ಯಾವಾಗಲೂ ಅತಿ ತಣ್ಣಗಿನದಕ್ಕೂ ಅತಿ ಬಿಸಿಯದಕ್ಕೂ ನಡುವೆಯೇ ಇರಬೇಕು. ಉತ್ತರ ಆಚೆ ಹೋಗಿದ್ದರೆ ಬೇರೇನೂ ನೋಡಬೇಕಾಗಿಲ್ಲ, ಅದು ತಪ್ಪು.

ಆಚೆ ಹೋಗುವುದು ಹೆಚ್ಚಾಗಿ ಚಿಹ್ನೆಯ ತಪ್ಪಿನಿಂದ. ಒಂದು ಉದಾಹರಣೆ ನೋಡಿ. 100 ಡಿಗ್ರಿಗೆ ಕಾಯಿಸಿದ 150 ಗ್ರಾಂ ಹಿತ್ತಾಳೆ ತುಂಡನ್ನು, 26 ಡಿಗ್ರಿಯ 120 ಗ್ರಾಂ ನೀರಿರುವ 80 ಗ್ರಾಂ ತಾಮ್ರದ ಪಾತ್ರೆಗೆ ಹಾಕಿದ್ದೇವೆ. ಹಿತ್ತಾಳೆಯ ವಿಶಿಷ್ಟ ಉಷ್ಣ 0.38 ಎಂದು ತೆಗೆದುಕೊಳ್ಳೋಣ. ಸರಿಯಾಗಿ ಬರೆದರೆ ಉತ್ತರ 33.1 ಡಿಗ್ರಿ. ಆದರೆ "ಕೊನೆಯದರಲ್ಲಿ ಮೊದಲಿನದನ್ನು ಕಳೆ" ಎಂದು ಎರಡೂ ಕಡೆ ಬಾಯಿಪಾಠದಂತೆ ಬರೆದವರಿಗೆ ಹೀಗಾಗುತ್ತದೆ:

```
57×(T − 100) = 535.2×(T − 26)
T = 17.2
```

ಬಿಸಿ ಹಿತ್ತಾಳೆ ಬಿದ್ದ ಮೇಲೆ ನೀರು 26ರಿಂದ 17ಕ್ಕೆ ಇಳಿಯಿತಂತೆ! ಕಳೆದುಕೊಂಡದ್ದು, ಪಡೆದದ್ದು ಎಂದು ಬರೆಯುವಾಗ ಎರಡೂ ಧನವಾಗಿರಬೇಕು. ಬಿಸಿಯ ಕಡೆ ಯಾವಾಗಲೂ (100 − T), ತಣ್ಣಗಿನ ಕಡೆ (T − 26).

ಗಡಿ ದಾಟಿಸುವ ಇನ್ನೊಂದು ತಪ್ಪು 273 ಸೇರಿಸುವುದು. ವ್ಯತ್ಯಾಸಕ್ಕೆ ಕೆಲ್ವಿನ್ ಆದರೂ ಒಂದೇ, ಸೆಲ್ಸಿಯಸ್ ಆದರೂ ಒಂದೇ. 30 ಡಿಗ್ರಿ ಇಳಿದರೆ ಅದು 30 ಕೆಲ್ವಿನ್ ಇಳಿತವೇ, 303 ಅಲ್ಲ.

ನಮ್ಮ ಐಸ್ ಲೆಕ್ಕದ −7.03 ಮಾತ್ರ ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದಿಲ್ಲ. ಅದು −10ಕ್ಕೂ 30ಕ್ಕೂ ನಡುವೆಯೇ ಇದೆ. ಅದಕ್ಕೇ ಎರಡನೆಯ ಪರೀಕ್ಷೆ ಬೇಕು.

ಸೊನ್ನೆ ಡಿಗ್ರಿಯಲ್ಲಿ ನಿಂತು ಲೆಕ್ಕ ಹಾಕಿ

ಐಸ್ ಇರುವ ಯಾವುದೇ ಲೆಕ್ಕದಲ್ಲಿ T ಎಂದು ಬರೆಯುವ ಮುಂಚೆ ಇದನ್ನು ಮಾಡಿ. ನನ್ನ ಅನುಭವದಲ್ಲಿ ಈ ಒಂದೇ ಹೆಜ್ಜೆ ಐಸ್ ಲೆಕ್ಕದ ಅರ್ಧಕ್ಕಿಂತ ಜಾಸ್ತಿ ತಪ್ಪುಗಳನ್ನು ಹಿಡಿಯುತ್ತದೆ.

ಎಲ್ಲವನ್ನೂ 0 ಡಿಗ್ರಿಗೆ ತಂದು ನಿಲ್ಲಿಸಿದ್ದೇವೆ ಎಂದುಕೊಳ್ಳಿ. ಬೆಚ್ಚಗಿನ ಕಡೆಯಿಂದ ಎಷ್ಟು ಉಷ್ಣ ಸಿಕ್ಕಿತು? ನೀರಿನಿಂದ 200×4.2×30, ಅಂದರೆ 25,200 ಜೂಲ್. ಪಾತ್ರೆಯಿಂದ 100×0.39×30, ಅಂದರೆ 1,170. ಒಟ್ಟು 26,370 ಜೂಲ್ ಕೈಯಲ್ಲಿದೆ.

ಇನ್ನು ಖರ್ಚು. ಐಸನ್ನು −10ರಿಂದ 0ಗೆ ತರಲು 2,100 ಜೂಲ್. ಅದು ಕೊಟ್ಟ ಮೇಲೆ ಉಳಿಯುವುದು 24,270. ಆದರೆ 100 ಗ್ರಾಂ ಪೂರ್ತಿ ಕರಗಬೇಕಾದರೆ 33,400 ಬೇಕು. ಅಷ್ಟು ಇಲ್ಲ. ಅಂದಮೇಲೆ ಐಸ್ ಪೂರ್ತಿ ಕರಗುವ ಮಾತೇ ಇಲ್ಲ. ಇದ್ದ 24,270 ಜೂಲ್‌ಗೆ ಎಷ್ಟು ಕರಗುತ್ತದೋ ಅಷ್ಟೇ:

```
24270 / 334 = 72.7 g
```

ಕೊನೆಯ ಸ್ಥಿತಿ: ತಾಪ 0 ಡಿಗ್ರಿ, 72.7 ಗ್ರಾಂ ಐಸ್ ಕರಗಿದೆ, 27.3 ಗ್ರಾಂ ಹಾಗೇ ತೇಲುತ್ತಿದೆ. ಲೆಕ್ಕದಲ್ಲಿ ಕೇಳಿದ್ದು ತಾಪ. ಆದರೆ ನಿಜವಾಗಿ ಗೊತ್ತಿಲ್ಲದೆ ಇದ್ದದ್ದು ತಾಪವಲ್ಲ, ಎಷ್ಟು ಗ್ರಾಂ ಕರಗಿತು ಎಂಬುದು. ತಪ್ಪಾದ ಅಜ್ಞಾತವನ್ನು ಹುಡುಕಿದ್ದಕ್ಕೇ −7 ಎಂಬ ಅರ್ಥವಿಲ್ಲದ ಸಂಖ್ಯೆ ಬಂದದ್ದು.

ಇದನ್ನು ಬಾಯಿಲೆಕ್ಕದಲ್ಲೂ ಮಾಡಬಹುದು. ಕ್ಯಾಲೊರಿಯಲ್ಲಿ ಯೋಚಿಸಿ. ಒಂದು ಗ್ರಾಂ ನೀರು ಒಂದು ಡಿಗ್ರಿ ಇಳಿದರೆ 1 ಕ್ಯಾಲೊರಿ ಸಿಗುತ್ತದೆ. ಒಂದು ಗ್ರಾಂ ಐಸ್ ಕರಗಲು 80 ಬೇಕು. ನೀರಿನಿಂದ 200×30, ಆರು ಸಾವಿರ ಸಿಗುತ್ತದೆ. ಐಸಿಗೆ 100×80, ಎಂಟು ಸಾವಿರ ಬೇಕು. ಪೆನ್ನು ಎತ್ತುವ ಮುಂಚೆಯೇ ಗೊತ್ತಾಯಿತು, ಸಾಲದು ಎಂದು. ಈ 80 ಎಷ್ಟು ದೊಡ್ಡದು ಎಂಬುದು ಮನಸ್ಸಿಗೆ ನಾಟಬೇಕು. ಸುಮ್ನೆ ಐಸ್ ಕರಗಿಸಲು ಹೋಗುವ ಉಷ್ಣದಲ್ಲಿ ಅಷ್ಟೇ ತೂಕದ ನೀರನ್ನು 0ಯಿಂದ 80 ಡಿಗ್ರಿಗೆ ಕಾಯಿಸಬಹುದು. 1760ರ ದಶಕದ ಆರಂಭದಲ್ಲಿ ಗ್ಲಾಸ್ಗೋದಲ್ಲಿ ಜೋಸೆಫ್ ಬ್ಲ್ಯಾಕ್ ಗಮನಿಸಿದ್ದೂ ಇದನ್ನೇ. ಐಸ್ ಕರಗುವಷ್ಟು ಹೊತ್ತೂ ಉಷ್ಣ ಒಳಗೆ ಹೋಗುತ್ತಲೇ ಇರುತ್ತದೆ, ಥರ್ಮಾಮೀಟರ್ ಮಾತ್ರ ಮೇಲೇರುವುದಿಲ್ಲ. ಥರ್ಮಾಮೀಟರ್‌ಗೆ ಕಾಣದೆ ಅಡಗುವ ಉಷ್ಣ ಆದ್ದರಿಂದಲೇ ಗುಪ್ತ ಉಷ್ಣ ಎಂಬ ಹೆಸರು.

ಇದರ ಉಲ್ಟಾ ಪ್ರಕರಣವೂ ಇದೆ, ಅಪರೂಪಕ್ಕೆ ಬರುತ್ತದೆ. ಅದೇ ಪಾತ್ರೆ, ಅದೇ ನೀರು, ಆದರೆ −40 ಡಿಗ್ರಿಯ 500 ಗ್ರಾಂ ಐಸ್ ಹಾಕಿದರೆ? ಅದನ್ನು 0ಗೆ ತರಲೇ 42,000 ಜೂಲ್ ಬೇಕು, ಇರುವುದು 26,370. ಕಡಿಮೆ ಬಿದ್ದ 15,630 ಜೂಲ್ ನೀರು ಹೆಪ್ಪುಗಟ್ಟಿ ಬರಬೇಕು. 334ರಿಂದ ಭಾಗಿಸಿದರೆ 46.8 ಗ್ರಾಂ ನೀರು ಐಸ್ ಆಗುತ್ತದೆ. ಆಗಲೂ ತಾಪ 0 ಡಿಗ್ರಿಯೇ, ಆದರೆ ಐಸ್ ಕಡಿಮೆಯಾಗುವ ಬದಲು ಜಾಸ್ತಿಯಾಗಿರುತ್ತದೆ.

ಹಬೆ ಹಾಯಿಸುವ ಲೆಕ್ಕಗಳಿಗೂ ಇದೇ ದಾರಿ. ಅಲ್ಲಿ ನಿಲ್ಲಬೇಕಾದದ್ದು 100 ಡಿಗ್ರಿಯಲ್ಲಿ, ಗುಪ್ತ ಉಷ್ಣ ಗ್ರಾಂಗೆ ಸುಮಾರು 2,260 ಜೂಲ್. ಉತ್ತರ 100 ದಾಟಿ ಬಂದರೆ ಹಬೆ ಪೂರ್ತಿ ನೀರಾಗಿಲ್ಲ ಎಂದೇ ಅರ್ಥ.

ಚೆಂದದ ಉತ್ತರ ಬಂದಾಗ ಜಾಸ್ತಿ ಎಚ್ಚರ

ಅದೇ ಲೆಕ್ಕವನ್ನು ಇನ್ನೊಬ್ಬ ಹುಡುಗ ಮಾಡಿ 12.5 ಡಿಗ್ರಿ ಎಂದು ತಂದ. ನೋಡಲು ಏನೂ ಸಂಶಯ ಬರುವುದಿಲ್ಲ. ಸೊನ್ನೆಗಿಂತ ಮೇಲಿದೆ, 30ಕ್ಕಿಂತ ಕೆಳಗಿದೆ. ಅವನು ಮಾಡಿದ್ದು ಇಷ್ಟೇ, ಗುಪ್ತ ಉಷ್ಣಕ್ಕೆ 80 ಹಾಕಿದ್ದ, ವಿಶಿಷ್ಟ ಉಷ್ಣಕ್ಕೆ 4.2 ಹಾಕಿದ್ದ. ಒಂದು ಕ್ಯಾಲೊರಿ, ಇನ್ನೊಂದು ಜೂಲ್. ಐಸ್ ಕರಗಿಸುವ ಖರ್ಚು 33,400ರಿಂದ 8,000ಕ್ಕೆ ಇಳಿದುಬಿಟ್ಟಿತು.

−7 ಬಂದರೆ ಯಾರಿಗಾದರೂ ಅನುಮಾನ ಬರುತ್ತದೆ. 12.5 ಬಂದರೆ ಬರುವುದಿಲ್ಲ. ಇದನ್ನು ಹಿಡಿಯುವುದು ಮೇಲೆ ಹೇಳಿದ ಬಾಯಿಲೆಕ್ಕವೇ. ಆರು ಸಾವಿರದಲ್ಲಿ ಎಂಟು ಸಾವಿರದ ಖರ್ಚು ಮಾಡಲಾಗದು ಎಂದು ಮೊದಲೇ ನೋಡಿದ್ದರೆ, ಸೊನ್ನೆಗಿಂತ ಮೇಲಿನ ಯಾವ ಉತ್ತರವನ್ನೂ ಒಪ್ಪುತ್ತಿರಲಿಲ್ಲ.

ಕಾಗದದ ಮೇಲೆ ನೋಡಬೇಕಾದರೆ ಒಂದು ಸುಲಭ ಗುರುತು ಇದೆ. ನೀರಿನ ವಿಶಿಷ್ಟ ಉಷ್ಣ 1 ಎಂದಿದ್ದರೆ ಗುಪ್ತ ಉಷ್ಣ 80 ಇರಬೇಕು. 4.2 ಎಂದಿದ್ದರೆ 334 ಅಥವಾ 336 ಇರಬೇಕು. 4200 ಎಂದಿದ್ದರೆ 3.34 ಲಕ್ಷ ಇರಬೇಕು, ಆಗ ತೂಕ ಕೆಜಿಯಲ್ಲಿರಬೇಕು. ಯಾವುದರಲ್ಲಾದರೂ ಗುಪ್ತ ಉಷ್ಣವನ್ನು ನೀರಿನ ವಿಶಿಷ್ಟ ಉಷ್ಣದಿಂದ ಭಾಗಿಸಿದರೆ 80ರ ಹತ್ತಿರ ಬರಲೇಬೇಕು. 19 ಬಂತು, 336 ಬಂತು ಅಂದರೆ ಮಾನಗಳು ಕಲಸಿಹೋಗಿವೆ.

ಅಂದಹಾಗೆ 334 ಮತ್ತು 336ರ ನಡುವಿನ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ನಮ್ಮ ಲೆಕ್ಕದಲ್ಲಿ 336 ಹಾಕಿದರೆ ಕರಗಿದ ಐಸ್ 72.7ರ ಬದಲು 72.2 ಗ್ರಾಂ ಬರುತ್ತದೆ. ಉತ್ತರದ ಪುಟಕ್ಕೂ ನಿಮ್ಮ ಉತ್ತರಕ್ಕೂ ಅರ್ಧ ಗ್ರಾಂ ವ್ಯತ್ಯಾಸ ಇದ್ದರೆ ಅದು ತಪ್ಪಲ್ಲ.

ಜಮಾ ಖರ್ಚು ಬರೆಯಿರಿ, ವ್ಯತ್ಯಾಸವನ್ನು ಓದಿ

ಮೂರನೆಯ ಪರೀಕ್ಷೆ ನನಗೆ ಬಹಳ ಇಷ್ಟವಾದದ್ದು. ಸಮೀಕರಣ ನೋಡಬೇಡಿ. ಉತ್ತರವನ್ನು ಮಾತ್ರ ಹಿಡಿದುಕೊಂಡು, ಪಾತ್ರೆಯೊಳಗೆ ಏನೇನಿದೆ, ಪ್ರತಿಯೊಂದೂ ಎಲ್ಲಿಂದ ಎಲ್ಲಿಗೆ ಬಂತು ಎಂದು ಹೊಸದಾಗಿ ಬರೆಯಿರಿ. ಕಿರಾಣಿ ಅಂಗಡಿಯ ಜಮಾ ಖರ್ಚಿನ ಹಾಗೆ ಒಂದೊಂದು ಸಾಲು.

ನೀರು, ಪಾತ್ರೆ ಎರಡೂ 60 ಡಿಗ್ರಿಯಲ್ಲಿದ್ದವು ಎಂದುಕೊಳ್ಳೋಣ, ಉಳಿದದ್ದೆಲ್ಲ ಹಿಂದಿನಂತೆ. ಈಗ ಕೈಯಲ್ಲಿ 879×60, ಅಂದರೆ 52,740 ಜೂಲ್ ಇದೆ. ಬೇಕಾದದ್ದು 35,500. ಐಸ್ ಪೂರ್ತಿ ಕರಗುತ್ತದೆ, T ಬರೆಯಬಹುದು. ಒಬ್ಬರ ಉತ್ತರ 19.6 ಡಿಗ್ರಿ ಬಂದಿದೆ. ಪರೀಕ್ಷಿಸೋಣ.

ಖರ್ಚಿನ ಕಡೆ: ನೀರು ಮತ್ತು ಪಾತ್ರೆ 60ರಿಂದ 19.6ಕ್ಕೆ ಇಳಿದವು. 879×40.4, ಸುಮಾರು 35,500 ಜೂಲ್ ಹೋಯಿತು.

ಜಮಾ ಕಡೆ: ಐಸ್ 0ಗೆ ಏರಲು 2,100. ಕರಗಲು 33,400. ಕರಗಿದ 100 ಗ್ರಾಂ ನೀರು 0ಯಿಂದ 19.6ಕ್ಕೆ ಏರಲು 8,232. ಒಟ್ಟು 43,732.

ಎರಡರ ನಡುವೆ ಸುಮಾರು 8,200 ಜೂಲ್ ವ್ಯತ್ಯಾಸ. ಇಲ್ಲಿ ನಿಲ್ಲಬೇಡಿ. ಆ ಸಂಖ್ಯೆ ಜಮಾ ಪಟ್ಟಿಯಲ್ಲಿ ಎಲ್ಲಿಯಾದರೂ ಇದೆಯಾ ನೋಡಿ. ಇದೆ, ಕೊನೆಯ ಸಾಲು! ಕರಗಿದ ಮೇಲೆ ಆ ನೀರೂ ಬೆಚ್ಚಗಾಗಬೇಕು ಎಂಬುದನ್ನು ಅವರು ಬಿಟ್ಟಿದ್ದಾರೆ. ಆ ಸಾಲು ಸೇರಿಸಿದರೆ ಸರಿಯಾದ ಉತ್ತರ 17,240ನ್ನು 1,299ರಿಂದ ಭಾಗಿಸಿ 13.3 ಡಿಗ್ರಿ.

ಹೀಗೆ ಲೆಕ್ಕ ಹೊಂದದೆ ಹೋದಾಗ, ಹೊಂದದೆ ಉಳಿದ ಮೊತ್ತವೇ ತಪ್ಪಿನ ವಿಳಾಸ ಹೇಳುತ್ತದೆ. ಜಮಾ ಕಡೆ 2,100 ಜಾಸ್ತಿ ಇದ್ದರೆ ಐಸ್ −10ರಲ್ಲಿತ್ತು ಎಂಬುದನ್ನು ಮರೆತು 0 ಎಂದುಕೊಂಡಿದ್ದಾರೆ. ಖರ್ಚಿನ ಕಡೆ 2,100 ಜಾಸ್ತಿ ಇದ್ದರೆ ಐಸಿಗೂ ನೀರಿನ 4.2 ಹಾಕಿದ್ದಾರೆ. ವ್ಯತ್ಯಾಸ 39ನ್ನು ತಾಪದ ಇಳಿತದಿಂದ ಗುಣಿಸಿದಷ್ಟಿದ್ದರೆ ಪಾತ್ರೆಯನ್ನು ಬಿಟ್ಟಿದ್ದಾರೆ. ಪಾತ್ರೆಯ ವಿಷಯದಲ್ಲಿ ಇನ್ನೊಂದು ಗೊಂದಲ ನೋಡಿದ್ದೇನೆ. ಅದನ್ನು ಐಸಿನ ಕಡೆ ಸೇರಿಸಿಬಿಡುತ್ತಾರೆ. ಪಾತ್ರೆ ನೀರಿನ ಜೊತೆ ಮೊದಲಿನಿಂದಲೂ ಇದೆ, ನೀರಿನ ತಾಪವೇ ಅದರ ತಾಪ. ನೀರು ಯಾವ ಕಡೆಯೋ ಪಾತ್ರೆಯೂ ಆ ಕಡೆ.

ಲ್ಯಾಬಿನಲ್ಲಿ ಉತ್ತರ ಹೊಂದದಿದ್ದರೆ

ಕಾಗದದ ಲೆಕ್ಕದಲ್ಲಿ ಎರಡೂ ಕಡೆ ಪೂರ್ತಿ ಸಮ ಬರಬೇಕು. ಲ್ಯಾಬಿನಲ್ಲಿ ಹಾಗೆ ಬರುವುದಿಲ್ಲ. ಅಲ್ಲಿ ಉತ್ತರ ಎಷ್ಟು ತಪ್ಪಿದೆ ಎನ್ನುವುದಕ್ಕಿಂತ ಯಾವ ಕಡೆಗೆ ತಪ್ಪಿದೆ ಎಂಬುದನ್ನು ನೋಡಬೇಕು.

ಮೇಲಿನ ಹಿತ್ತಾಳೆ ಪ್ರಯೋಗವನ್ನೇ ತೆಗೆದುಕೊಳ್ಳಿ. ಈಗ ಹಿತ್ತಾಳೆಯ ವಿಶಿಷ್ಟ ಉಷ್ಣವೇ ಗೊತ್ತಿಲ್ಲ, ಅದನ್ನು ಕಂಡುಹಿಡಿಯಬೇಕು. ನೀರು 33.1ಕ್ಕೆ ಏರಿದ್ದರೆ 0.38 ಬರುತ್ತಿತ್ತು. ಥರ್ಮಾಮೀಟರ್ 32.4 ತೋರಿಸಿತು ಎನ್ನಿ. ಆಗ:

```
s = 535.2×(32.4 − 26) / (150×(100 − 32.4)) = 0.34
```

ಮುಕ್ಕಾಲು ಡಿಗ್ರಿಯೂ ಇಲ್ಲದ ಕೊರತೆ, ಉತ್ತರ ಹತ್ತರಲ್ಲಿ ಒಂದು ಪಾಲಿಗಿಂತ ಜಾಸ್ತಿ ಇಳಿದುಹೋಯಿತು. ನೀರು ಏರಿದ್ದೇ ಏಳು ಡಿಗ್ರಿ, ಅದಕ್ಕೇ ಸಣ್ಣ ತಪ್ಪೂ ದೊಡ್ಡದಾಗಿ ಕಾಣುತ್ತದೆ. ಉತ್ತರ ಕಡಿಮೆ ಬಂದರೆ ಉಷ್ಣ ಎಲ್ಲೋ ಸೋರಿದೆ ಎಂದರ್ಥ. ಹೆಚ್ಚಾಗಿ ಎರಡು ಜಾಗದಲ್ಲಿ ಸೋರುತ್ತದೆ. ಒಂದು, ಕುದಿಯುವ ಪಾತ್ರೆಯಿಂದ ಕ್ಯಾಲೊರಿಮೀಟರ್‌ಗೆ ತುಂಡನ್ನು ತರುವ ದಾರಿಯಲ್ಲಿ. 100 ಡಿಗ್ರಿ ಎಂದು ಬರೆದಿರುತ್ತೇವೆ, ನೀರಿಗೆ ಬೀಳುವ ಹೊತ್ತಿಗೆ ಅಷ್ಟಿರುವುದಿಲ್ಲ. ಇನ್ನೊಂದು, ಮುಚ್ಚಳ ಹಾಕದೆ, ಚೆನ್ನಾಗಿ ಕಲಕದೆ ಕಾಯುತ್ತಾ ಕುಳಿತಾಗ. ಪಾತ್ರೆಯನ್ನು ಲೆಕ್ಕದಲ್ಲಿ ಸೇರಿಸದೆ ಇದ್ದರೂ ಉತ್ತರ ಕಡಿಮೆಯೇ ಬರುತ್ತದೆ, ಸುಮಾರು 0.36. ಅದು ಸೋರಿಕೆಯಲ್ಲ, ಬರೆಯಲು ಮರೆತದ್ದು. ಆದ್ದರಿಂದ ಪ್ರಯೋಗವನ್ನು ದೂರುವ ಮೊದಲು ಲೆಕ್ಕ ನೋಡಿ.

ಉತ್ತರ ಜಾಸ್ತಿ ಬಂದರೆ? 0.43, 0.44 ಬಂತು ಎನ್ನಿ. ಸೋರಿಕೆಯಿಂದ ಹೀಗಾಗಲು ಸಾಧ್ಯವಿಲ್ಲ. ಹಿತ್ತಾಳೆಯ ಜೊತೆ ಬೇರೇನೋ ಉಷ್ಣ ಹೊತ್ತು ತಂದಿದೆ. ಅದು ಸಾಮಾನ್ಯವಾಗಿ ತುಂಡಿಗೂ ದಾರಕ್ಕೂ ಅಂಟಿಕೊಂಡ ಬಿಸಿನೀರು. ಬರೀ 2 ಗ್ರಾಂ ಕುದಿನೀರು ಜೊತೆಗೆ ಬಿದ್ದರೂ 2×4.2×67, ಸುಮಾರು 560 ಜೂಲ್ ತರುತ್ತದೆ. 0.38 ಬರಬೇಕಾದ್ದು 0.44ರ ಹತ್ತಿರ ಹೋಗಲು ಅಷ್ಟೇ ಸಾಕು. ಅದಕ್ಕೇ ಹಲವು ಲ್ಯಾಬ್‌ಗಳಲ್ಲಿ ತುಂಡನ್ನು ನೀರಿನಲ್ಲಿ ಮುಳುಗಿಸದೆ, ಹಬೆ ಸುತ್ತುವ ಒಣ ಕೊಳವೆಯಲ್ಲಿಟ್ಟು ಕಾಯಿಸುತ್ತಾರೆ. ನೀರಿನಲ್ಲೇ ಕಾಯಿಸುವುದಾದರೆ ತೆಗೆದ ಕೂಡಲೇ ಒಮ್ಮೆ ಕೊಡವಿ ಹಾಕಬೇಕು. ಒರೆಸುತ್ತಾ ನಿಂತರೆ ಮತ್ತೆ ಆರುತ್ತದೆ, ಆಗ ತಪ್ಪು ಇನ್ನೊಂದು ಕಡೆಗೆ ತಿರುಗುತ್ತದೆ.

ಈ ಎರಡು ತಪ್ಪುಗಳು ಒಟ್ಟಿಗೆ ಆದಾಗ ಮಾತ್ರ ಕಷ್ಟ. ಒಂದಿಷ್ಟು ಸೋರಿ, ಒಂದಿಷ್ಟು ಬಿಸಿನೀರು ಸೇರಿ, ಉತ್ತರ 0.38 ಎಂದೇ ಬರಬಹುದು. ಆದ್ದರಿಂದ ಲ್ಯಾಬಿನಲ್ಲಿ ಕಡೆಯಲ್ಲಿ ಪಾತ್ರೆಯನ್ನು ನೀರಿನ ಸಮೇತ ಇನ್ನೊಮ್ಮೆ ತೂಗಿಸುತ್ತೇನೆ. ಮೊದಲಿನ ತೂಕಕ್ಕೆ ಹಿತ್ತಾಳೆಯ 150 ಗ್ರಾಂ ಕೂಡಿದಾಗ ಬರುವುದಕ್ಕಿಂತ ಜಾಸ್ತಿ ಇದ್ದರೆ, ಆ ಜಾಸ್ತಿ ಎಷ್ಟೋ ಅಷ್ಟೇ ಗ್ರಾಂ ಬಿಸಿನೀರು ಜೊತೆಗೆ ಬಂದಿದೆ. ಅದನ್ನೂ ಖರ್ಚಿನ ಕಡೆ ಒಂದು ಸಾಲಾಗಿ ಬರೆದು ಲೆಕ್ಕ ಮತ್ತೆ ಹಾಕಬಹುದು.

ಆ ಹುಡುಗಿ ಅಂದು ತನ್ನ −7.03 ಅನ್ನು ಹೊಡೆದು ಹಾಕಲಿಲ್ಲ. ಅದರ ಕೆಳಗೆ ಗೆರೆ ಎಳೆದು, ಸೊನ್ನೆಯ ಲೆಕ್ಕ ಬರೆದು, ಪಕ್ಕದಲ್ಲಿ "27.3 ಗ್ರಾಂ ಐಸ್ ಉಳಿದಿದೆ" ಎಂದು ಸೇರಿಸಿದಳು. ಆಮೇಲೆ ಕೇಳಿದಳು, "ಹಾಗಾದರೆ ಎಷ್ಟು ಐಸ್ ಹಾಕಿದ್ದರೆ ಸರಿಯಾಗಿ ಕೊನೆಯ ಚೂರೂ ಕರಗಿ 0 ಡಿಗ್ರಿಯಲ್ಲೇ ನಿಲ್ಲುತ್ತಿತ್ತು, ಮಿಸ್?" ಗ್ರಾಂಗೆ 21 ಜೂಲ್ ಏರಲು, 334 ಕರಗಲು, ಒಟ್ಟು 355. 26,370ನ್ನು ಅದರಿಂದ ಭಾಗಿಸಿದಳು. 74.3 ಗ್ರಾಂ.